ಗುಂಡಿ ಒತ್ತಿದ ಮೇಲಿನ ಎಂಟು ಸೆಕೆಂಡು

ಲಂಡನ್ನಿಗೆ ಪಶ್ಚಿಮದಲ್ಲಿರುವ ರೆಡಿಂಗ್ ಊರಿನಲ್ಲಿ ಒಬ್ಬ ಕನ್ನಡಿಗ ಇದ್ದಾನೆ ಎಂದಿಟ್ಟುಕೊಳ್ಳೋಣ. ಶನಿವಾರ ಸಂಜೆ. ಟೀವಿಯಲ್ಲಿ ಭಾರತ–ಇಂಗ್ಲೆಂಡ್ ಏಕದಿನ ಪಂದ್ಯ. ಭಾರತಕ್ಕೆ 60 ಎಸೆತಗಳಲ್ಲಿ 84 ರನ್ ಬೇಕು, ನಾಲ್ಕು ವಿಕೆಟ್ ಉಳಿದಿವೆ. ಕೈಯಲ್ಲಿರುವ ಫೋನಿನಲ್ಲಿ ಬೆಟ್ಟಿಂಗ್ ಕಂಪನಿಯ ಆ್ಯಪ್ ತೆರೆದಿದೆ. ಭಾರತ ಗೆಲ್ಲುವುದಕ್ಕೆ ದರ 2.40, ಅಂದರೆ ಒಂದು ಪೌಂಡ್ ಕಟ್ಟಿ ಗೆದ್ದರೆ ಕಟ್ಟಿದ ಹಣವೂ ಸೇರಿ 2 ಪೌಂಡ್ 40 ಪೆನ್ಸ್ ಕೈಗೆ ಬರುತ್ತದೆ. ಅವನು ಬೆಟ್ ಸ್ಲಿಪ್ಪಿನಲ್ಲಿ 50 ಪೌಂಡ್ ಎಂದು ಬರೆದು Place bet ಗುಂಡಿ ಒತ್ತುತ್ತಾನೆ.

ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗುತ್ತದೆ. ಒಂದು, ಎರಡು, ಮೂರು ಸೆಕೆಂಡು. ಟೀವಿಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿದ್ದಾನೆ. ಎಂಟನೇ ಸೆಕೆಂಡಿಗೆ ಚಕ್ರ ನಿಲ್ಲುತ್ತದೆ. ಸ್ಲಿಪ್ಪು ಹಸಿರಾಗಿ ಬೆಟ್ ಸ್ವೀಕೃತವಾಗಿದೆ ಎನ್ನುತ್ತದೆ. ಆದರೆ ಅದರಲ್ಲಿರುವ ದರ 2.40 ಅಲ್ಲ, 2.10. ಆಮೇಲೆ ಟೀವಿಯಲ್ಲಿ ಚೆಂಡು ಬೌಂಡರಿ ಗೆರೆಯಾಚೆ ಬೀಳುತ್ತದೆ. ಸಿಕ್ಸರ್! ಕಂಪನಿಗೆ ಆ ಸಿಕ್ಸರ್ ಮೊದಲೇ ಗೊತ್ತಾಗಿತ್ತು. ಅವನಿಗೆ ಗೊತ್ತಾಗಿದ್ದು ಬೆಟ್ ಕಟ್ಟಿ ಮುಗಿದ ಮೇಲೆ.

ಭಾರತ ಗೆದ್ದರೆ ಅವನಿಗೆ 70 ಪೌಂಡ್ ಲಾಭ ಸಿಗಬೇಕಿತ್ತು, ಈಗ ಸಿಗುವುದು 55. ಲಾಭದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಎಂಟು ಸೆಕೆಂಡಿನಲ್ಲಿ ಕರಗಿಹೋಯಿತು. ಅವನು ಮೋಸ ಎನ್ನಬಹುದು. ಕಂಪನಿ ಅವನ ಸ್ಲಿಪ್ಪಿನ ಕೆಳಗಿದ್ದ ಒಂದು ಪುಟ್ಟ ಸ್ವಿಚ್ಚನ್ನು ತೋರಿಸುತ್ತದೆ: Accept any odds changes. ಎಂದೋ ಒಂದು ದಿನ ಅವನೇ ಅದನ್ನು ಆನ್ ಮಾಡಿದ್ದ.

ಆ ಎಂಟು ಸೆಕೆಂಡಿನಲ್ಲಿ ಏನೇನು ನಡೆಯುತ್ತದೆ, ಗುಂಡಿ ಒತ್ತಿದವನು ಯಾವುದಕ್ಕೆ ಒಪ್ಪಿಕೊಂಡ ಹಾಗಾಯಿತು ಎಂಬುದು ಬ್ರಿಟನ್ನಿನಲ್ಲಿ ಕಾನೂನಿನ ಪ್ರಶ್ನೆಯೂ ಹೌದು. ಅಲ್ಲಿ ಬೆಟ್ಟಿಂಗ್ ಪರವಾನಗಿ ಪಡೆದ ವ್ಯಾಪಾರ, ಮತ್ತು 2005ರ ಗ್ಯಾಂಬ್ಲಿಂಗ್ ಕಾಯ್ದೆಯ 335ನೇ ಕಲಮಿನ ಪ್ರಕಾರ 2007ರ ಸೆಪ್ಟೆಂಬರ್ 1ರಿಂದ ಬೆಟ್ ಎನ್ನುವುದು ಕೋರ್ಟಿನಲ್ಲಿ ನಿಲ್ಲುವ ಒಪ್ಪಂದ. ಹಾಗಾಗಿ ಒಪ್ಪಂದ ಯಾವ ಗಳಿಗೆಯಲ್ಲಿ ಆಯಿತು ಎನ್ನುವುದರ ಮೇಲೆ ಹಣ ನಿಂತಿದೆ.

ಪರದೆಯ ಮೇಲೆ 2.40 ಎಂದು ಕಂಡಾಗ ಕಂಪನಿ ಆ ದರ ಕೊಡುತ್ತೇನೆಂದು ಮಾತು ಕೊಟ್ಟಿದೆ ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಇಂಗ್ಲಿಷ್ ಕಾನೂನು ಹಾಗೆ ನೋಡುವುದಿಲ್ಲ. 1953ರಲ್ಲಿ ಬೂಟ್ಸ್ ಎಂಬ ಔಷಧಿ ಅಂಗಡಿಯ ಮೇಲೆ ಒಂದು ಮೊಕದ್ದಮೆ ನಡೆಯಿತು. ಎಜ್‌ವೇರ್‌ನಲ್ಲಿದ್ದ ಆ ಅಂಗಡಿಯಲ್ಲಿ ಗಿರಾಕಿ ತಾನೇ ಕಪಾಟಿನಿಂದ ಸಾಮಾನು ತೆಗೆದು ಬುಟ್ಟಿಗೆ ಹಾಕಿಕೊಳ್ಳಬಹುದಿತ್ತು. ಮಾರಾಟ ಯಾವಾಗ ಆಯಿತು? ಬುಟ್ಟಿಗೆ ಹಾಕಿದಾಗಲೋ, ಗಲ್ಲಾದ ಮುಂದೆ ನಿಂತಾಗಲೋ? ಕೋರ್ಟು ಗಲ್ಲಾದ ಬಳಿ ಎಂದಿತು. ಕಪಾಟಿನ ಮೇಲಿನ ಬೆಲೆ ಬರೀ ಕರೆ. ಗಿರಾಕಿ ಸಾಮಾನು ಮುಂದಿಟ್ಟಾಗ ಅದು ಅವನ ಕಡೆಯ ಕೊಡುಗೆ. ಗಲ್ಲಾದಲ್ಲಿದ್ದವರು ಸರಿ ಎಂದಾಗ ಒಪ್ಪಂದ.

ಬೆಟ್ ಸ್ಲಿಪ್ಪನ್ನು ಆ ಬುಟ್ಟಿಯ ಜಾಗದಲ್ಲಿ ಇಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಪರದೆಯ ದರ ಕರೆ. ಗುಂಡಿ ಒತ್ತುವುದು ಆಟಗಾರನ ಕೊಡುಗೆ: ಈ ದರಕ್ಕೆ ಇಷ್ಟು ಹಣ ಕಟ್ಟಲು ಸಿದ್ಧ. ಅದನ್ನು ಪೂರ್ತಿ ಒಪ್ಪುವ, ಅರ್ಧ ಒಪ್ಪುವ, ಬಿಡುವ ಹಕ್ಕು ಕಂಪನಿಯದು. ಬೆಟ್ಟಿಗೆ ಒಂದು ಗುರುತಿನ ಸಂಖ್ಯೆ ಬಂದು ಅದು ಖಾತೆಯ ತೆರೆದ ಬೆಟ್‌ಗಳ ಪಟ್ಟಿಯಲ್ಲಿ ಕಾಣಿಸಿಕೊಂಡಾಗ ಮಾತ್ರ ಬೆಟ್ ಆಯಿತು ಎಂದು ಕಂಪನಿಗಳ ನಿಬಂಧನೆಗಳು ಸಾಮಾನ್ಯವಾಗಿ ಹೇಳುತ್ತವೆ. ಚಕ್ರ ತಿರುಗುತ್ತಿರುವಷ್ಟು ಹೊತ್ತು ಆಟಗಾರನ ಕೈಯಲ್ಲಿ ಏನೂ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಸಾಮಾನ್ಯ ಕಾನೂನಿನಲ್ಲಿ ಕೊಡುಗೆ ಮುಂದಿಟ್ಟವನು, ಎದುರಿನವರು ಒಪ್ಪುವ ತನಕ ಅದನ್ನು ಹಿಂದಕ್ಕೆ ಪಡೆಯಬಹುದು. ಬೆಟ್ಟಿಂಗ್ ಆ್ಯಪ್‌ನಲ್ಲಿ ಆ ಎಂಟು ಸೆಕೆಂಡಿನಲ್ಲಿ ರದ್ದು ಮಾಡುವ ಗುಂಡಿ ಸಾಮಾನ್ಯವಾಗಿ ಇರುವುದೇ ಇಲ್ಲ. ಒತ್ತಿದವನು ಸಿಕ್ಕಿಕೊಂಡ, ಒತ್ತಿಸಿಕೊಂಡವರು ಯೋಚಿಸುತ್ತಿದ್ದಾರೆ. ಈ ಲೇಖನದ ಮುಖ್ಯ ಮಾತು ಇದೇ. ಆ ಕೆಲವು ಸೆಕೆಂಡು ಎರಡೂ ಕಡೆಗೆ ಸಮಾನವಲ್ಲ.

ಹಾಗಾದರೆ ತಡ ಯಾಕೆ ಇಟ್ಟಿದ್ದಾರೆ? ಕಾರಣ ಸುಳ್ಳಲ್ಲ. ಮೈದಾನದಲ್ಲಿ ಚೆಂಡು ಬಿದ್ದದ್ದಕ್ಕೂ ಮನೆಯ ಪರದೆಯಲ್ಲಿ ಕಾಣುವುದಕ್ಕೂ ನಡುವೆ ಹಲವು ಸೆಕೆಂಡು ಹೋಗುತ್ತದೆ. ಇಂಟರ್ನೆಟ್ಟಿನಲ್ಲಿ ನೋಡುವವರಿಗೆ ಅದು ಕೆಲವೊಮ್ಮೆ ಅರ್ಧ ನಿಮಿಷದ ಹತ್ತಿರವೂ ಆಗುತ್ತದೆ. ಮೈದಾನದಲ್ಲೇ ಕುಳಿತವನಿಗೆ ಈ ಅಂತರ ಚಿನ್ನ. ವಿಕೆಟ್ ಬಿದ್ದ ಕ್ಷಣವೇ ಫೋನಿನಲ್ಲಿ ಹೇಳಿದರೆ, ಹೊರಗಿರುವವನು ಹಳೆಯ ದರಕ್ಕೆ ಬೆಟ್ ಕಟ್ಟಿಬಿಡಬಹುದು. 2014ರ ಆಸ್ಟ್ರೇಲಿಯನ್ ಓಪನ್ ಟೆನಿಸ್‌ನಲ್ಲಿ ಹೀಗೆ ಅಂಕಣದ ಪಕ್ಕದಿಂದ ಅಂಕಗಳನ್ನು ಕಳಿಸುತ್ತಿದ್ದ ಒಬ್ಬ ಬ್ರಿಟಿಷ್ ಯುವಕನನ್ನು ಮೆಲ್ಬರ್ನ್ ಪೊಲೀಸರು ಹಿಡಿದರು. ಆಮೇಲೆ ಆ ಮೊಕದ್ದಮೆಯನ್ನು ಕೈಬಿಟ್ಟರು. 2021ರ ಐಪಿಎಲ್‌ನಲ್ಲಿ ದೆಹಲಿಯ ಕೋಟ್ಲಾ ಮೈದಾನದ ಸ್ವಚ್ಛತಾ ಕೆಲಸಗಾರನೊಬ್ಬನ ಮೇಲೆ ಇದೇ ಅನುಮಾನ ಬಂದಿತ್ತು ಎಂದು ಬಿಸಿಸಿಐನ ಭ್ರಷ್ಟಾಚಾರ ನಿಗ್ರಹ ಘಟಕದ ಮುಖ್ಯಸ್ಥರೇ ಹೇಳಿದ್ದರು.

ಇಂಥವರನ್ನು ತಡೆಯಲು ಕಂಪನಿಗಳು ಪಂದ್ಯ ನಡೆಯುವಾಗ ಬರುವ ಪ್ರತಿ ಬೆಟ್ಟನ್ನೂ ಕೆಲವು ಸೆಕೆಂಡು ತಡೆದಿಟ್ಟುಕೊಳ್ಳುತ್ತವೆ. ಆಟಗಾರರು ತಮ್ಮತಮ್ಮಲ್ಲೇ ಬೆಟ್ ಕಟ್ಟಿಕೊಳ್ಳುವ ಬೆಟ್‌ಫೇರ್ ಎಕ್ಸ್‌ಚೇಂಜಿನಲ್ಲಿ ಈ ತಡೆ ಸಾಮಾನ್ಯವಾಗಿ 1ರಿಂದ 12 ಸೆಕೆಂಡಿನ ಒಳಗಿರುತ್ತದೆ. ಯಾವ ಆಟ, ಯಾವ ಪಂದ್ಯ ಎನ್ನುವುದರ ಮೇಲೆ ಅವಧಿ ಬದಲಾಗುತ್ತದೆ. ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಗಿ, ಪಂದ್ಯ ಶುರುವಾದ ಮೇಲೆ ಇಂಟರ್ನೆಟ್ಟಿನಲ್ಲಿ ಬೆಟ್ ಕಟ್ಟುವುದನ್ನೇ ನಿಷೇಧಿಸಿದೆ. ಅಲ್ಲಿ ಫೋನ್ ಮಾಡಿ ಹೇಳಬೇಕು.

ತಡೆಯ ಅವಧಿಯಲ್ಲಿ ವಿಕೆಟ್ ಬಿದ್ದರೆ ಮಾರುಕಟ್ಟೆಯನ್ನೇ ಒಂದು ಕ್ಷಣ ಮುಚ್ಚುತ್ತಾರೆ, ಬಾಕಿ ಇದ್ದ ಬೆಟ್‌ಗಳು ತಿರಸ್ಕೃತವಾಗುತ್ತವೆ. ಇದು ಎರಡೂ ಕಡೆಗೆ ರಕ್ಷಣೆ. ತಾನು ಕಟ್ಟಿದ ತಂಡದ ವಿಕೆಟ್ ಬಿದ್ದದ್ದು ಕಾಣದೆ ಒತ್ತಿದವನೂ ಉಳಿದುಕೊಳ್ಳುತ್ತಾನೆ. ಅನ್ಯಾಯ ಅಡಗಿರುವುದು ದೊಡ್ಡ ಘಟನೆಗಳಲ್ಲಿ ಅಲ್ಲ, ಸಣ್ಣ ಏರಿಳಿತಗಳಲ್ಲಿ. ಒಂದು ಡಾಟ್ ಬಾಲ್, ಒಂದು ವೈಡ್, ಎರಡು ರನ್. ಮಾರುಕಟ್ಟೆ ಮುಚ್ಚುವಷ್ಟು ದೊಡ್ಡದಲ್ಲ, ಆದರೆ ದರ ಅಲುಗಾಡುತ್ತದೆ.

ಇದನ್ನು ಲೆಕ್ಕದಲ್ಲಿ ನೋಡಬಹುದು. ಒಬ್ಬ ಆಟಗಾರ 2.00 ದರದಲ್ಲಿ ತಲಾ 10 ಪೌಂಡಿನ 100 ಬೆಟ್ ಕಟ್ಟುತ್ತಾನೆ ಎಂದುಕೊಳ್ಳೋಣ. ತಡೆಯ ಸೆಕೆಂಡುಗಳಲ್ಲಿ 60 ಬೆಟ್‌ಗಳ ದರ ಹಾಗೇ ಇರುತ್ತದೆ. 20ರಲ್ಲಿ ಅವನು ಹಿಡಿದ ತಂಡದ ಸ್ಥಿತಿ ಸುಧಾರಿಸಿ ದರ 1.80ಕ್ಕೆ ಇಳಿಯುತ್ತದೆ. ಇನ್ನು 20ರಲ್ಲಿ ಸ್ಥಿತಿ ಕೆಟ್ಟು ದರ 2.20ಕ್ಕೆ ಏರುತ್ತದೆ. ಮೊದಲ 20ನ್ನು ಕಂಪನಿ ತಿರಸ್ಕರಿಸಿ ಹೊಸ ದರಕ್ಕೆ ಒಪ್ಪುತ್ತೀರಾ ಎಂದು ಕೇಳುತ್ತದೆ. ಕೊನೆಯ 20ನ್ನು ಕೇಳಿದ 2.00 ದರದಲ್ಲೇ ಸ್ವೀಕರಿಸುತ್ತದೆ. ನೀನು ಕೇಳಿದ್ದನ್ನೇ ಕೊಟ್ಟೆ ಎನ್ನುತ್ತದೆ. ಆದರೆ ಆ ಗಳಿಗೆಯ ನ್ಯಾಯವಾದ ದರ 2.20. ಅದಕ್ಕೆ 2.00 ಪಡೆದವನು ಸರಾಸರಿ ಒಂದೊಂದು ಬೆಟ್ಟಿನಲ್ಲೂ 91 ಪೆನ್ಸ್ ಬಿಟ್ಟುಕೊಟ್ಟಂತೆ, ಇಪ್ಪತ್ತಕ್ಕೆ ಸುಮಾರು 18 ಪೌಂಡ್. ಅವನಿಗೆ ಅನುಕೂಲವಾಗಿದ್ದ ಮೊದಲ 20 ಬೆಟ್‌ಗಳು ಉಳಿದಿದ್ದರೆ ಇದಕ್ಕಿಂತ ತುಸು ಹೆಚ್ಚೇ ಲಾಭ ಆ ಕಡೆಯಿಂದ ಬಂದು ತೂಗುತ್ತಿತ್ತು, ಅವು ತಿರಸ್ಕೃತವಾಗಿವೆ. ಇದು ಕಂಪನಿ ದರದಲ್ಲೇ ಸೇರಿಸಿರುವ ತನ್ನ ಮಾಮೂಲಿ ಲಾಭಾಂಶದ ಮೇಲಿನ ಕಡಿತ.

ಎಲ್ಲ ಕಂಪನಿಗಳೂ ಹೀಗೆ ಮಾಡುವುದಿಲ್ಲ. ದರ ಏರಿದ್ದರೆ ಏರಿದ ದರವನ್ನೇ ಕೊಡುವವರೂ ಇದ್ದಾರೆ. ತನ್ನ ಕಂಪನಿ ಯಾವ ಬಗೆಯದು ಎಂದು ತಿಳಿಯುವುದು ಕಷ್ಟವಲ್ಲ. ಒಂದೆರಡು ವಾರ ಪ್ರತಿ ಬೆಟ್ಟಿನಲ್ಲೂ ಒತ್ತುವ ಮುಂಚೆ ಕಂಡ ದರ, ಸ್ವೀಕೃತಿಯಲ್ಲಿ ಬಂದ ದರ, ಆ ಗಳಿಗೆ ಪರದೆಯ ಮೇಲಿದ್ದ ದರ, ಈ ಮೂರನ್ನು ಬರೆದಿಟ್ಟರೆ ಸಾಕು. ಇಳಿದ ದರಗಳು ಮಾತ್ರ ಸ್ಲಿಪ್ಪಿಗೆ ಬರುತ್ತಿವೆ, ಏರಿದವು ಎಂದೂ ಬರುತ್ತಿಲ್ಲ ಎಂದಾದರೆ ಉತ್ತರ ಸಿಕ್ಕಿದಂತೆ.

ಈಗ ಆ ಪುಟ್ಟ ಸ್ವಿಚ್ಚಿಗೆ ಬರೋಣ. ದರ ಬದಲಾದರೆ ಏನು ಮಾಡಬೇಕೆಂದು ಬಹುತೇಕ ಆ್ಯಪ್‌ಗಳು ಮೂರು ಆಯ್ಕೆ ಕೊಡುತ್ತವೆ: ಯಾವ ಬದಲಾವಣೆಯನ್ನೂ ಒಪ್ಪುವುದಿಲ್ಲ, ದರ ಏರಿದರೆ ಮಾತ್ರ ಒಪ್ಪುತ್ತೇನೆ, ಏನಾದರೂ ಒಪ್ಪುತ್ತೇನೆ. ಮೂರನೆಯದನ್ನು ಆರಿಸಿದವನು ಬರೆಯದ ಚೆಕ್ಕಿಗೆ ಸಹಿ ಹಾಕಿಕೊಟ್ಟಂತೆ. ಅವನ ಕೊಡುಗೆ ಈಗ ಭಾರತಕ್ಕೆ 2.40ರಲ್ಲಿ 50 ಪೌಂಡ್ ಎಂದಲ್ಲ. ಭಾರತಕ್ಕೆ 50 ಪೌಂಡ್, ದರ ನೀವು ಹೇಳಿದ್ದು ಎಂದು. ಎಷ್ಟು ಇಳಿದರೂ ಸರಿಯೇ ಎಂಬುದಕ್ಕೆ ಅನೇಕ ಕಡೆ ಮಿತಿಯೂ ಇರುವುದಿಲ್ಲ. ಈ ಸ್ವಿಚ್ಚು ಒಮ್ಮೆ ಆನ್ ಆದರೆ ಮುಂದಿನ ಬೆಟ್‌ಗಳಿಗೂ ಹಾಗೇ ಉಳಿದುಬಿಡುವುದುಂಟು. ನಡುರಾತ್ರಿ ಅವಸರದಲ್ಲಿ, ಮತ್ತೆಮತ್ತೆ ಬರುವ ಎಚ್ಚರಿಕೆ ತೊಲಗಲಿ ಎಂದು ಒತ್ತಿದ ಒಂದು ಬೆರಳು ತಿಂಗಳುಗಟ್ಟಲೆ ಕೆಲಸ ಮಾಡುತ್ತಿರುತ್ತದೆ.

ಹಲವು ಪಂದ್ಯಗಳನ್ನು ಪೋಣಿಸಿ ಕಟ್ಟುವ ಅಕ್ಯುಮುಲೇಟರ್ ಬೆಟ್ಟಿನಲ್ಲಿ ಇದು ಇನ್ನೂ ಆಳಕ್ಕೆ ಇಳಿಯುತ್ತದೆ. ನಾಲ್ಕು ಪಂದ್ಯ, ಪ್ರತಿಯೊಂದಕ್ಕೂ 1.90. ನಾಲ್ಕನ್ನೂ ಗುಣಿಸಿದರೆ 10 ಪೌಂಡಿಗೆ 130 ಪೌಂಡ್ 32 ಪೆನ್ಸ್ ಬರಬೇಕು. ಪ್ರತಿ ದರ ಬರೀ 5 ಪೆನ್ಸ್ ಇಳಿದು 1.85 ಆದರೆ ಬರುವುದು 117 ಪೌಂಡ್ 14 ಪೆನ್ಸ್. ಕಣ್ಣಿಗೆ ಬೀಳದಷ್ಟು ಸಣ್ಣ ನಾಲ್ಕು ಇಳಿತ ಸೇರಿ ಹತ್ತರಲ್ಲಿ ಒಂದು ಪಾಲು ಹೋಯಿತು. ಸ್ಲಿಪ್ಪಿನ ತುದಿಯಲ್ಲಿ ಬರುವ ಒಟ್ಟು ಮೊತ್ತವನ್ನು ಮುಂಚೆಯೇ ನೋಡಿ ನೆನಪಿಟ್ಟುಕೊಳ್ಳದವನಿಗೆ ಇದು ಗೊತ್ತಾಗುವುದೂ ಇಲ್ಲ.

ಮೂರನೆಯ ಸಂಗತಿ, ಕಟ್ಟಿದ ಹಣದಲ್ಲಿ ಒಂದು ಪಾಲನ್ನು ಮಾತ್ರ ತೆಗೆದುಕೊಳ್ಳುವುದು. ಕುದುರೆ ರೇಸಿನಲ್ಲಿ ಒಬ್ಬ 6.00 ದರದ ಕುದುರೆಗೆ 200 ಪೌಂಡ್ ಕಟ್ಟುತ್ತಾನೆ. ಚಕ್ರ ಈ ಸಲ ಒಂದು ನಿಮಿಷ ತಿರುಗುತ್ತದೆ, ಏಕೆಂದರೆ ಬೆಟ್ಟು ದರ ನೋಡಿಕೊಳ್ಳುವ ಟ್ರೇಡರ್‌ನ ಮುಂದೆ ಹೋಗಿದೆ. ಉತ್ತರ ಬರುತ್ತದೆ: 6.00 ದರದಲ್ಲಿ 35 ಪೌಂಡ್, ಉಳಿದ 165 ಪೌಂಡ್ ರೇಸ್ ಶುರುವಾಗುವ ಹೊತ್ತಿನ ದರದಲ್ಲಿ, ಒಪ್ಪುತ್ತೀರಾ?

1840ರ ಹೈಡ್ ಮತ್ತು ರೆಂಚ್ ಮೊಕದ್ದಮೆ ಇಲ್ಲಿ ನೆನಪಾಗಬೇಕು. ರೆಂಚ್ ತನ್ನ ಜಮೀನನ್ನು 1,000 ಪೌಂಡಿಗೆ ಕೊಡುತ್ತೇನೆ ಎಂದ. ಹೈಡ್ 950 ಎಂದ. ರೆಂಚ್ ಒಪ್ಪಲಿಲ್ಲ. ಆಗ ಹೈಡ್, ಸರಿ, 1,000ಕ್ಕೇ ತೆಗೆದುಕೊಳ್ಳುತ್ತೇನೆ ಎಂದ. ರೆಂಚ್ ಕೊಡಲಿಲ್ಲ, ಕೋರ್ಟೂ ಕೊಡಿಸಲಿಲ್ಲ. 950 ಎಂಬ ಎದುರು ಮಾತು ಬಂದ ಕ್ಷಣವೇ 1,000ದ ಮಾತು ಸತ್ತುಹೋಗಿತ್ತು. ಬೆಟ್ಟಿಂಗಿನಲ್ಲಿ ಕಂಪನಿ 35 ಪೌಂಡ್ ಎಂದಾಗ ನಡೆಯುವುದೂ ಅದೇ. ಆಟಗಾರನ 200 ಪೌಂಡಿನ ಕೊಡುಗೆ ಅಲ್ಲಿಗೆ ಮುಗಿಯಿತು, ಈಗ ಮೇಜಿನ ಮೇಲಿರುವುದು ಕಂಪನಿಯ ಹೊಸ ಕೊಡುಗೆ. ಅದನ್ನು ಬಿಡುವ ಪೂರ್ತಿ ಸ್ವಾತಂತ್ರ್ಯ ಆಟಗಾರನಿಗಿದೆ. ಸಾಮಾನ್ಯವಾಗಿ ಪರದೆಯ ಮೇಲೆ ಸೆಕೆಂಡುಗಳನ್ನು ಎಣಿಸುವ ಗಡಿಯಾರ ಓಡುತ್ತಿರುತ್ತದೆ, ಅದು ಅವಸರಪಡಿಸುತ್ತದೆ, ಅಷ್ಟೇ. ಆದರೆ ಪಾಲು ಮೊತ್ತ ಸ್ವೀಕರಿಸಿ ಎಂಬ ಆಯ್ಕೆಯನ್ನು ಮುಂಚೆಯೇ ಆನ್ ಮಾಡಿಟ್ಟವನಿಗೆ ಈ ಪ್ರಶ್ನೆ ಬರುವುದೇ ಇಲ್ಲ. 35 ಪೌಂಡ್ ಹೋಗಿ ಕೂತಿರುತ್ತದೆ.

ಉಳಿದ 165ಕ್ಕೆ ರೇಸ್ ಶುರುವಿನ ದರ ಒಪ್ಪುವುದು ಸಣ್ಣ ಮಾತಲ್ಲ. ಟ್ರೇಡರ್ 200 ಪೌಂಡನ್ನು ಬೇಡ ಎಂದದ್ದಕ್ಕೆ ಆ ದರ ಇಳಿಯಲಿದೆ ಎಂದು ಅವನಿಗೆ ಅನ್ನಿಸಿದ್ದೂ ಒಂದು ಕಾರಣ ಇರಬಹುದು. ರೇಸ್ ಶುರುವಾಗುವಾಗ ದರ 4.00 ಆಗಿದ್ದರೆ, ಗೆದ್ದ ಕುದುರೆ ಕೊಡುವ ಮೊತ್ತ 35ಕ್ಕೆ 210 ಪೌಂಡ್, 165ಕ್ಕೆ 660 ಪೌಂಡ್, ಒಟ್ಟು 870. ಕೇಳಿದ ದರದಲ್ಲಿ ಪೂರ್ತಿ ಸಿಕ್ಕಿದ್ದರೆ 1,200.

ಬ್ರಿಟನ್ನಿನಲ್ಲಿ ಕಂಪನಿ ಇಷ್ಟು ಹಣ ಸ್ವೀಕರಿಸಲೇಬೇಕು ಎಂಬ ಕಾನೂನಿಲ್ಲ. ಹೆಚ್ಚು ಗೆಲ್ಲುವವರ ಮಿತಿಯನ್ನು ಕೆಲವು ಪೌಂಡಿಗೆ ಇಳಿಸುವುದು ಅಲ್ಲಿ ಬಹಳ ಹಳೆಯ ದೂರು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2014ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಕುದುರೆ ರೇಸಿನಲ್ಲಿ ಬುಕ್ಕಿ ನಗರದ ರೇಸಾದರೆ 2,000 ಡಾಲರ್, ಹಳ್ಳಿಗಾಡಿನ ರೇಸಾದರೆ 1,000 ಡಾಲರ್ ಕಳೆದುಕೊಳ್ಳುವಷ್ಟರ ಮಟ್ಟಿಗಿನ ಬೆಟ್ಟನ್ನು ತೋರಿಸಿದ ದರದಲ್ಲಿ ಒಪ್ಪಲೇಬೇಕು. ದರವನ್ನು ಬೋರ್ಡಿಗೆ ಹಾಕಿದ ಮೇಲೆ ಅದಕ್ಕೆ ಒಂದಿಷ್ಟಾದರೂ ನಿಲ್ಲಬೇಕು ಎಂಬ ಆ ನಿಯಮ ನ್ಯಾಯವಾದದ್ದು; ಬ್ರಿಟನ್ ಅದನ್ನು ಅನುಸರಿಸಬೇಕಿತ್ತು.

ಎಕ್ಸ್‌ಚೇಂಜಿನಲ್ಲಿ ಪಾಲು ಸ್ವೀಕೃತಿಗೆ ಬೇರೆ ಕಾರಣವಿದೆ. ಅಲ್ಲಿ ಎದುರಿಗಿರುವವರು ಇನ್ನೊಬ್ಬ ಆಟಗಾರರು. 2.50ರಲ್ಲಿ 100 ಪೌಂಡ್ ಕಟ್ಟಿದಾಗ ಆ ದರಕ್ಕೆ ಎದುರು ಬೆಟ್ ಕಟ್ಟಲು 38 ಪೌಂಡಿನಷ್ಟೇ ಜನ ಇದ್ದರೆ ಅಷ್ಟೇ ಜೋಡಿಯಾಗುತ್ತದೆ, 62 ಕಾಯುತ್ತಾ ಇರುತ್ತದೆ. ಇಲ್ಲಿಯೂ ಅದೇ ಓರೆ ತಕ್ಕಡಿ. ತಂಡದ ಸ್ಥಿತಿ ಸುಧಾರಿಸಿದರೆ ದರ 2.50ರಿಂದ ಕೆಳಗಿಳಿಯುತ್ತದೆ, ಉಳಿದ 62ಕ್ಕೆ ಯಾರೂ ಸಿಗುವುದಿಲ್ಲ. ಸ್ಥಿತಿ ಕೆಟ್ಟರೆ ತಕ್ಷಣ ಜನ ಮುಗಿಬಿದ್ದು 62 ಪೌಂಡನ್ನೂ ತುಂಬಿಸಿಬಿಡುತ್ತಾರೆ. ಅಂದರೆ ಅವನ ಊಹೆ ಸರಿಯಾದಾಗ 38 ಪೌಂಡಿನ ಬೆಟ್ಟು, ತಪ್ಪಾದಾಗ 100 ಪೌಂಡಿನ ಬೆಟ್ಟು. ಇದರಲ್ಲಿ ಯಾರ ಮೋಸವೂ ಇಲ್ಲ, ವ್ಯವಸ್ಥೆಯೇ ಹಾಗೆ. ಕಾಯುತ್ತಿರುವ ಪಾಲನ್ನು ಆಟ ಶುರುವಾದೊಡನೆ ಬಿಟ್ಟುಬಿಡಬೇಕೋ, ಆಟ ನಡೆಯುವಾಗಲೂ ಹಾಗೇ ಇಡಬೇಕೋ ಎಂದು ಸ್ಲಿಪ್ಪಿನಲ್ಲೇ ಕೇಳುತ್ತಾರೆ. ಇಟ್ಟು ಮರೆತವನು ಅಪಾಯದಲ್ಲಿರುತ್ತಾನೆ.

ಇಷ್ಟೆಲ್ಲಕ್ಕೂ ಕಂಪನಿಯ ಉತ್ತರ ಒಂದೇ: ನಿಬಂಧನೆಗಳನ್ನು ನೀವು ಒಪ್ಪಿದ್ದೀರಿ. ಖಾತೆ ತೆರೆಯುವಾಗ ಟಿಕ್ ಹಾಕಿದ್ದೀರಿ. ಆ ಟಿಕ್ಕಿಗೆ ಎಷ್ಟು ಬಲ? ಇಂಗ್ಲೆಂಡಿನ ಕೋರ್ಟುಗಳು ಕಳೆದ ಹದಿನೈದು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಮತ್ತೆಮತ್ತೆ ನೋಡಿವೆ.

2012ರ ಸ್ಪ್ರೆಡೆಕ್ಸ್ ಮತ್ತು ಕೊಕ್ರೇನ್ ಮೊಕದ್ದಮೆಯಲ್ಲಿ ಕೊಕ್ರೇನ್ ತನ್ನ ಖಾತೆಯನ್ನು ಕಂಪ್ಯೂಟರಿನಲ್ಲಿ ತೆರೆದಿಟ್ಟು ಹೋಗಿದ್ದಾಗ ಅವರ ಗೆಳತಿಯ ಪುಟ್ಟ ಮಗ ಗುಂಡಿಗಳನ್ನು ಒತ್ತಿ ಸುಮಾರು 50,000 ಪೌಂಡ್ ನಷ್ಟ ಮಾಡಿದ ಎಂಬುದು ಅವರ ವಾದ. ಖಾತೆಯಿಂದ ನಡೆದ ಪ್ರತಿಯೊಂದಕ್ಕೂ ಗಿರಾಕಿಯೇ ಹೊಣೆ ಎಂಬ ಸಾಲು ನಿಬಂಧನೆಯಲ್ಲಿತ್ತು, ಅದಕ್ಕೆ ಅವರು ಒಪ್ಪಿಗೆಯನ್ನೂ ಒತ್ತಿದ್ದರು. ಆದರೆ ಆ ದಾಖಲೆ 49 ಪುಟದ್ದು. ಅಷ್ಟರ ನಡುವೆ ಹುದುಗಿದ್ದ ಆ ಸಾಲು ನ್ಯಾಯವಲ್ಲ, ಗಿರಾಕಿಯನ್ನು ಕಟ್ಟಿಹಾಕುವುದಿಲ್ಲ ಎಂದು ಕೋರ್ಟು ಹೇಳಿತು. 2021ರಲ್ಲಿ ಗ್ರೀನ್ ಎಂಬವರು ಬೆಟ್‌ಫ್ರೆಡ್ ವಿರುದ್ಧ ಗೆದ್ದರು. ಅವರು ಒಂದು ಬ್ಲ್ಯಾಕ್‌ಜಾಕ್ ಆಟದಲ್ಲಿ 17 ಲಕ್ಷ ಪೌಂಡ್ ಗೆದ್ದಿದ್ದರು. ಸಾಫ್ಟ್‌ವೇರ್ ದೋಷ ಎಂದು ಕಂಪನಿ ಕೊಡಲಿಲ್ಲ. ದೋಷದ ನಿಬಂಧನೆ ಸ್ಪಷ್ಟವಾಗಿರಲಿಲ್ಲ, ಕಣ್ಣಿಗೆ ಬೀಳುವಂತೆಯೂ ಇರಲಿಲ್ಲ ಎಂದಿತು ಹೈಕೋರ್ಟು. 2025ರ ಮಾರ್ಚಿನಲ್ಲಿ ಡರ್ಬರ್ ಎಂಬ ಮಹಿಳೆಗೆ ಪ್ಯಾಡಿ ಪವರ್‌ನ ಪರದೆ ತೋರಿಸಿದ್ದ ಸುಮಾರು 11 ಲಕ್ಷ ಪೌಂಡನ್ನು ಕೋರ್ಟು ಕೊಡಿಸಿತು. ಕಂಪನಿ ತನ್ನ ಸರ್ವರಿನಲ್ಲಿ ದಾಖಲಾದದ್ದು ಬೇರೆ ಎಂದು 20,265 ಪೌಂಡ್ ಮಾತ್ರ ಕೊಟ್ಟಿತ್ತು. ಆಟಗಾರ್ತಿಗೆ ಪರದೆಯಲ್ಲಿ ಕಂಡದ್ದೇ ಲೆಕ್ಕ ಎಂಬುದು ತೀರ್ಪಿನ ಸಾರ.

ಇವನ್ನು ಓದಿ ಆಟಗಾರರೇ ಯಾವಾಗಲೂ ಗೆಲ್ಲುತ್ತಾರೆ ಎಂದುಕೊಂಡರೆ ತಪ್ಪು. 2024ರಲ್ಲಿ ಪಾರ್ಕರ್-ಗ್ರೆನ್ನನ್ ಎಂಬವರು ರಾಷ್ಟ್ರೀಯ ಲಾಟರಿ ನಡೆಸುತ್ತಿದ್ದ ಕ್ಯಾಮೆಲಾಟ್ ವಿರುದ್ಧ ಮೇಲ್ಮನವಿಯಲ್ಲಿ ಸೋತರು. 5 ಪೌಂಡಿನ ಆಟದಲ್ಲಿ ಪರದೆ 10 ಪೌಂಡ್ ಗೆಲುವು ಎಂದಿತ್ತು. ಆದರೆ ಒಂದು ದೋಷದಿಂದ 10 ಲಕ್ಷ ಪೌಂಡಿನ ಜೋಡಿ ಸಂಖ್ಯೆಗಳೂ ಕಂಡಿದ್ದವು. ಅಲ್ಲಿ ನಿಬಂಧನೆಗಳು ಒಪ್ಪಂದದ ಭಾಗವಾಗಿದ್ದವು, ಅನ್ಯಾಯದವಲ್ಲ, ಟಿಕ್ ಹಾಕಿ ಒಪ್ಪಿದ್ದು ಒಪ್ಪಿಗೆಯೇ ಎಂದಿತು ಮೇಲ್ಮನವಿ ಕೋರ್ಟು.

ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ದಾರಿ ಕಾಣುತ್ತದೆ. ಸಾಮಾನ್ಯವಾಗಿ ಯಾರೂ ನಿರೀಕ್ಷಿಸುವ ನಿಬಂಧನೆಗೆ ಟಿಕ್ ಸಾಕು. ಆಟಗಾರನಿಗೆ ಭಾರಿ ಹೊರೆಯಾಗುವ, ಯಾರೂ ನಿರೀಕ್ಷಿಸದ ನಿಬಂಧನೆಯನ್ನು ಎತ್ತಿ ತೋರಿಸಬೇಕು, ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ. ಈ ಅಳತೆಯಲ್ಲಿ ನೋಡಿದರೆ ತಡೆಯ ಸೆಕೆಂಡುಗಳು, ದರ ಬದಲಾದಾಗ ಮತ್ತೆ ಕೇಳುವುದು, ಪಾಲು ಮೊತ್ತ ಸ್ವೀಕರಿಸುವುದು ಎಲ್ಲವೂ ಮಾಮೂಲಿ ನಿಬಂಧನೆಗಳೇ, ಪರದೆಯ ಮೇಲೆ ಹೇಳಿದ್ದರೆ ಅವು ನಿಲ್ಲುತ್ತವೆ. ರೆಡಿಂಗ್‌ನ ಆ ಯುವಕ ದೂರು ಕೊಟ್ಟರೆ ಸೋಲುವ ಸಾಧ್ಯತೆಯೇ ಹೆಚ್ಚು. ಸ್ವಿಚ್ಚು ಅವನ ಕಣ್ಣ ಮುಂದೆಯೇ ಇತ್ತು, ಸ್ವೀಕೃತಿಯಲ್ಲಿ 2.10 ಎಂದು ಬರೆದಿತ್ತು. ಸ್ವಿಚ್ಚು ಆಫ್ ಇದ್ದೂ 2.10 ಬಂದಿದ್ದರೆ ಕಥೆ ಬೇರೆ. ಸ್ವೀಕೃತಿಯಲ್ಲಿ 2.40 ಎಂದು ಬಂದು, ಪಂದ್ಯ ಮುಗಿದ ಮೇಲೆ ಕಂಪನಿ ದರ ತಪ್ಪಾಗಿತ್ತು ಎಂದು 2.10ಕ್ಕೆ ಇಳಿಸಿದರೂ ಬೇರೆ. ಕಂಪನಿಗಳ ನಿಬಂಧನೆಯಲ್ಲಿ ಎದ್ದು ಕಾಣುವ ತಪ್ಪು ದರವನ್ನು ತಿದ್ದುವ ಹಕ್ಕು ಇರುತ್ತದೆ, ಆದರೆ 2.40 ಎಂಬುದು 24 ಎಂದು ಬಿದ್ದದ್ದಲ್ಲ, ಅದನ್ನು ಎದ್ದು ಕಾಣುವ ತಪ್ಪು ಎನ್ನಲು ಕಂಪನಿ ಕಷ್ಟಪಡಬೇಕಾಗುತ್ತದೆ.

ಬ್ರಿಟನ್ನಿನ ಗ್ಯಾಂಬ್ಲಿಂಗ್ ಕಮಿಷನ್ ಹಾಕಿರುವ ತಾಂತ್ರಿಕ ಮಾನದಂಡಗಳ ಪ್ರಕಾರ, ಬೆಟ್ ಖಾತ್ರಿ ಮಾಡುವ ಮುಂಚೆ ಅದರ ವಿವರ ಆಟಗಾರನಿಗೆ ಸಾಕಷ್ಟು ಕಾಣಬೇಕು. ವೇಗಕ್ಕೆ ಬೆಲೆಯಿರುವ ಬೆಟ್‌ಗಳಲ್ಲಿ ನಿಧಾನದ ಇಂಟರ್ನೆಟ್ಟಿನಿಂದ ನೀವು ಹಿಂದೆ ಬೀಳಬಹುದು ಎಂದೂ ತಿಳಿಸಬೇಕು. ಕಂಪನಿಯೊಡನೆ ಜಗಳ ಬಗೆಹರಿಯದಿದ್ದರೆ ಐಬಾಸ್ ಎಂಬ ಸ್ವತಂತ್ರ ಬೆಟ್ಟಿಂಗ್ ತೀರ್ಪು ಸಂಸ್ಥೆಗೆ ಹೋಗಬಹುದು, ಗಿರಾಕಿಗೆ ಖರ್ಚಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಸಿಟ್ಟಲ್ಲ, ಬೆಟ್ಟಿನ ಗುರುತಿನ ಸಂಖ್ಯೆ, ಒತ್ತುವ ಮುಂಚಿನ ಸ್ಲಿಪ್ಪಿನ ಚಿತ್ರ, ಸ್ವೀಕೃತಿಯ ಚಿತ್ರ, ಹೊತ್ತು. ಚಿತ್ರವಿಲ್ಲದೆ 2.40 ಕಂಡಿತ್ತು ಎಂದರೆ, ಕಂಪನಿಯ ದಾಖಲೆಯ ಎದುರು ಅದು ಬರೀ ಬಾಯಿಮಾತು.

ಕರ್ನಾಟಕದಲ್ಲಿ ಕುಳಿತು, ವಿದೇಶದಲ್ಲೆಲ್ಲೋ ನೋಂದಾಯಿಸಿದ ಆ್ಯಪ್‌ನಲ್ಲಿ ಇದೇ ಗುಂಡಿಯನ್ನು ಒತ್ತುವವರಿಗೆ ಇದರಲ್ಲಿ ಒಂದೂ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದ ಅಸಿಂಧು, ಗೆದ್ದದ್ದನ್ನು ಕೊಡಿಸಿ ಎಂದು ಕೋರ್ಟಿಗೆ ಹೋಗುವಂತಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಒದಗಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಅಂಥ ಆ್ಯಪ್ ದರ ಇಳಿಸಿದರೂ, ಚಕ್ರವನ್ನು ಒಂದು ನಿಮಿಷ ತಿರುಗಿಸಿದರೂ, ಗೆದ್ದ ಬೆಟ್ಟನ್ನು ಮರುದಿನ ಅಳಿಸಿಹಾಕಿದರೂ ದೂರು ಹೇಳಿಕೊಳ್ಳಲು ಒಂದು ಕಚೇರಿಯಿಲ್ಲ, ಕೇಳಿಸಿಕೊಳ್ಳುವ ನ್ಯಾಯಾಧೀಶರಿಲ್ಲ.